ಮೊದಲ ಕೆಲಸಕ್ಕೆ ಬೇರೆ ಊರಿಗೆ ಹೋದ ತಮ್ಮನಿಗೆ ಅಕ್ಕ ಕಾಗದ ಬರೆಯುವುದು ಹೇಗೆ?

ಧೈರ್ಯ ಹೇಳಿ ತಮ್ಮನಿಗೊಂದು ಕಾಗದ ಬರೆಯೋಣ ಎಂದು ಕೂತ ಅಕ್ಕಂದಿರು ಎರಡನೇ ಸಾಲಿಗೇ ಸಿಕ್ಕಿಹಾಕಿಕೊಳ್ಳುತ್ತಾರೆ. "ಹೇಗಿದ್ದೀಯ" ಅನ್ನುವುದು ತಾನಾಗಿ ಬರುತ್ತದೆ. "ಧೈರ್ಯವಾಗಿರು, ನಿನ್ನಿಂದ ಆಗದ್ದು ಯಾವುದಿದೆ" ಅನ್ನುವುದೂ ಬರುತ್ತದೆ. ಅಲ್ಲಿಗೆ ಹೇಳಬೇಕಾದ್ದು ಮುಗಿದ ಹಾಗಾಗಿ, ಉಳಿದ ಪುಟವನ್ನು ಬುದ್ಧಿಮಾತು ತುಂಬಿಕೊಳ್ಳುತ್ತದೆ. ತಮ್ಮ ಅದನ್ನು ಓದಿ ಮಡಿಸಿಡುತ್ತಾನೆ. ಅಕ್ಕನ ಪ್ರೀತಿ ಅವನಿಗೆ ಗೊತ್ತಾಗುತ್ತದೆ, ಆದರೆ ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ನಿಂತಾಗ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಹಿಡಿದುಕೊಳ್ಳಲು ಏನಾದರೂ ಸಿಗುವಂಥ ಕಾಗದವನ್ನು ಕಟ್ಟುವುದು ಹೇಗೆ ಎನ್ನುವುದನ್ನು ಒಂದು ನಿಜವಾದ ಕಾಗದವನ್ನೇ ಇಟ್ಟುಕೊಂಡು ಹೇಳುತ್ತೇನೆ. ನನ್ನ ಗೆಳತಿ ತನ್ನ ತಮ್ಮನಿಗೆ ಬರೆದದ್ದು ಅದು. ಅವಳನ್ನು ಕೇಳಿಯೇ ಇಲ್ಲಿ ಬಳಸುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ. ಹುಡುಗ ಸರಕು ಸಾಗಣೆ ಕಂಪನಿಯೊಂದರ ಬಿಲ್ಲಿಂಗ್ ವಿಭಾಗಕ್ಕೆ ಸೇರಿದ್ದ. ಲಾರಿಯಲ್ಲಿ ಹೋದ ಮಾಲಿನ ಚೀಟಿಗೂ ಗಿರಾಕಿಗೆ ಕಳಿಸುವ ಬಿಲ್ಲಿಗೂ ತಾಳೆ ನೋಡುವುದು ಅವನ ಕೆಲಸ.

ಹಂತ 1: ಅವನ ಭಯ ಯಾವುದು ಎಂದು ತಿಳಿದುಕೊಳ್ಳಿ

ಕಾಗದ ಬರೆಯುವ ಮೊದಲು ಒಂದೆರಡು ವಾರ ಅವನ ಫೋನಿನ ಮಾತುಗಳಿಗೆ ಕಿವಿಗೊಡಿ. "ಕೆಲಸ ಹೇಗಿದೆ?" ಎಂದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. ಅದರಿಂದ ಪ್ರಯೋಜನವಿಲ್ಲ. ಬದಲಿಗೆ ಉತ್ತರದಲ್ಲಿ ಒಂದು ಹೆಸರೋ ಒಂದು ಜಾಗವೋ ಬರಲೇಬೇಕಾದಂಥ ಸಣ್ಣ ಪ್ರಶ್ನೆ ಕೇಳಿ. ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಕೂರ್ತೀಯ? ನಿನಗೆ ಕೆಲಸ ತೋರಿಸ್ತಿರೋರು ಯಾರು? ಇವತ್ತು ಬೆಳಿಗ್ಗೆ ಮೊದಲು ಏನು ಮಾಡಿದೆ? "ಯಾರ ಜೊತೆಗೂ ಅಂತ ಇಲ್ಲ, ಒಂದೊಂದು ದಿನ ಒಬ್ಬೊಬ್ಬರ ಜೊತೆ" ಎಂದು ತೊದಲಿದರೆ ಅವನು ಒಂಟಿ. ಕೆಲಸ ತೋರಿಸುವವರ ಹೆಸರು ಹೇಳುವಾಗ ದನಿ ಬಿಗಿಯಾದರೆ ತೊಂದರೆ ಅಲ್ಲಿದೆ.

ಹೊಸ ಕೆಲಸದ ಭಯ ಎಂದು ನಾವು ಒಟ್ಟಾಗಿ ಕರೆಯುವುದರ ಒಳಗೆ ಬೇರೆ ಬೇರೆ ಭಯಗಳಿರುತ್ತವೆ. ಕೆಲಸ ಬರುವುದಿಲ್ಲ ಎಂಬುದು ಒಂದು. ಕೆಲಸ ಬರುತ್ತದೆ, ಜನ ಹತ್ತಿರ ಸೇರಿಸುತ್ತಿಲ್ಲ ಎಂಬುದು ಇನ್ನೊಂದು. ಈ ಕೆಲಸಕ್ಕೆ ಬಂದದ್ದೇ ತಪ್ಪಾಯಿತೇನೋ ಎಂಬುದು ಮೂರನೆಯದು. ಒಂದು ಕಾಗದ ಒಂದೇ ಭಯಕ್ಕೆ ಉತ್ತರವಾಗಬಲ್ಲದು. ಒಂಟಿತನದಲ್ಲಿರುವ ಹುಡುಗನಿಗೆ "ನೀನು ಕಲಿತುಬಿಡ್ತೀಯ" ಎಂದು ಬರೆದರೆ, ಅಕ್ಕನಿಗೂ ತನ್ನ ಕಷ್ಟ ಗೊತ್ತಾಗಲಿಲ್ಲ ಎಂದು ಅವನು ಇನ್ನಷ್ಟು ಒಂಟಿಯಾಗುತ್ತಾನೆ.

ಅವನ ಬಾಯಿಂದ ಬಂದ ಒಂದು ಮಾತನ್ನು ಅವನಾಡಿದ ಹಾಗೆಯೇ ಬರೆದಿಟ್ಟುಕೊಳ್ಳಿ. ಗೆಳತಿಯ ತಮ್ಮ ಒಂದು ಭಾನುವಾರ ಬೇರೇನೋ ಮಾತಾಡುತ್ತಾ ನಡುವೆ ಅಂದಿದ್ದ: "ಮೂರನೇ ಸಲ ಕೇಳೋಕೆ ನಾಚಿಕೆ ಆಗುತ್ತೆ ಕಣೇ ಅಕ್ಕ." ಅವಳ ಇಡೀ ಕಾಗದ ನಿಂತದ್ದು ಈ ಮಾತಿನ ಮೇಲೆ.

ಹಂತ 2: ಯಾವಾಗ ತಲುಪಬೇಕು ಎಂದು ಲೆಕ್ಕ ಹಾಕಿ

ಹೊರಡುವ ದಿನ ಬ್ಯಾಗಿನೊಳಗೆ ಕಾಗದ ಇಟ್ಟು ಕಳಿಸುವುದು ಚೆಂದ. ಆದರೆ ಆ ಹೊತ್ತಿಗೆ ಅವನಿಗೆ ಧೈರ್ಯದ ಕೊರತೆ ಅಷ್ಟಾಗಿ ಇರುವುದಿಲ್ಲ. ಮೊದಲ ವಾರ ಗುರುತಿನ ಚೀಟಿ, ಬ್ಯಾಂಕ್ ಖಾತೆ, ಸಹಿ ಹಾಕುವ ಫಾರಂಗಳು, ತರಬೇತಿ ಎಂದು ಕಳೆಯುತ್ತದೆ. ಹೊಸಬನೆಂದು ಎಲ್ಲರೂ ನಗುತ್ತಾ ಮಾತಾಡಿಸುತ್ತಾರೆ, ತಪ್ಪಾದರೂ ಯಾರೂ ಏನೂ ಅನ್ನುವುದಿಲ್ಲ. ಆ ಮೇಲೆ ಅವನ ಹೆಸರಿಗೆ ಕೆಲಸ ಬರುತ್ತದೆ, ಮೊದಲ ತಪ್ಪು ಆಗುತ್ತದೆ, ನಗುತ್ತಾ ಮಾತಾಡಿಸಿದವರು ತಮ್ಮ ಕೆಲಸಕ್ಕೆ ಮರಳಿರುತ್ತಾರೆ. ಮನೆಯವರ ಫೋನುಗಳೂ ಆ ಹೊತ್ತಿಗೇ ಕಡಿಮೆಯಾಗಿರುತ್ತವೆ.

ಆದ್ದರಿಂದ ನನ್ನ ಸಲಹೆ: ಮೂರನೇ ಅಥವಾ ನಾಲ್ಕನೇ ವಾರದಲ್ಲಿ ಅವನ ಕೈ ಸೇರುವ ಹಾಗೆ ಅಂಚೆಗೆ ಹಾಕಿ. ಬ್ಯಾಗಿನಲ್ಲಿ ಏನಾದರೂ ಇಡಲೇಬೇಕು ಅನ್ನಿಸಿದರೆ ನಾಲ್ಕು ಸಾಲಿನ ಚೀಟಿ ಸಾಕು. ನಿಜವಾದ ಕಾಗದ ಅವನ ಭಯ ನಿಮಗೆ ಗೊತ್ತಾದ ಮೇಲಿನದು. ಅವನು ಹೋಗುವ ಮೊದಲೇ ಬರೆದರೆ ಅದರಲ್ಲಿ ಇರುವುದು ನಿಮ್ಮ ಭಯ.

ಹಂತ 3: ನೀವು ಕಣ್ಣಾರೆ ಕಂಡ ಒಂದು ಘಟನೆ ಹುಡುಕಿ

ಕಾಗದದ ಜೀವ ಇರುವುದು ಇಲ್ಲಿ, ಆದ್ದರಿಂದ ಬೇರೆಲ್ಲದಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಕೊಡಿ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, 'ಇದು ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಮನುಷ್ಯನಿಗೆ ನಾಲ್ಕು ಕಡೆಯಿಂದ ಬರುತ್ತದೆ ಎಂದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥ ಇನ್ನೊಬ್ಬರು ಮಾಡುವುದನ್ನು ನೋಡುವುದು, ಬೇರೆಯವರು ಹೇಳುವ ಧೈರ್ಯದ ಮಾತು, ಮತ್ತು ತನ್ನದೇ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಗಟ್ಟಿಯಾದದ್ದು ಮೊದಲನೆಯದು. ಬರೀ ಮಾತಿನಿಂದ ಹುಟ್ಟಿದ ನಂಬಿಕೆ ದುರ್ಬಲ, ಎದುರಿಗೆ ಒಂದು ಸೋಲು ಬಂದರೆ ಅಳಿಸಿಹೋಗುತ್ತದೆ.

ಅಕ್ಕನ ಕಾಗದ ಮಾತೇ ಆದ್ದರಿಂದ ಅದರ ಶಕ್ತಿ ಕಡಿಮೆ ಎಂದಾಯಿತಲ್ಲ? ಇಲ್ಲಿ ಒಂದು ಒಳದಾರಿ ಇದೆ. ತಮ್ಮ ತಾನೇ ಮಾಡಿ ಗೆದ್ದ ಅನುಭವಗಳು ಅವನಲ್ಲಿ ಆಗಲೇ ಇವೆ. ಅವನಿಗೆ ಅವು ನೆನಪಿರುವುದಿಲ್ಲ, ಅಥವಾ ಅವು ಗೆಲುವು ಎಂದು ಅನ್ನಿಸಿರುವುದಿಲ್ಲ. ಚಿಕ್ಕಂದಿನಿಂದ ನೋಡಿದ ಅಕ್ಕನಿಗೆ ನೆನಪಿರುತ್ತದೆ. ಅದನ್ನು ತೆಗೆದು ಅವನ ಕೈಗಿಡುವುದಷ್ಟೇ ಕಾಗದದ ಕೆಲಸ. ಗೆಳೆಯರಿಂದಲೋ ಮೇಲಧಿಕಾರಿಯಿಂದಲೋ ಇದು ಆಗುವುದಿಲ್ಲ, ಅವರು ಆಗ ಅಲ್ಲಿರಲಿಲ್ಲ.

ಘಟನೆ ಆರಿಸುವಾಗ ಮೂರು ವಿಷಯ ನೋಡಿ. ನೀವು ಅಲ್ಲಿದ್ದಿರಬೇಕು, ಕೇಳಿದ ಸುದ್ದಿ ಆಗದು. ಶುರುವಿನಲ್ಲಿ ಅವನಿಗೆ ಅದು ಬರದೇ ಇದ್ದಿರಬೇಕು. ಕೊನೆಗೆ, ಬರದೇ ಇದ್ದದ್ದನ್ನು ಅವನು ಹೇಗೆ ದಾಟಿದ ಎನ್ನುವುದು ಕಣ್ಣಿಗೆ ಕಾಣುವಂತಿರಬೇಕು. ಏನು ಬರೆದುಕೊಂಡ, ಯಾರನ್ನು ಕೇಳಿದ, ಯಾವುದನ್ನು ಮತ್ತೆ ಮಾಡಿದ ಎಂದು ಹೇಳಲು ಬರಬೇಕು.

ಹೀಗೆ ಜರಡಿ ಹಿಡಿದರೆ ಮೊದಲು ನೆನಪಾಗುವ ಎಷ್ಟೋ ಸಂಗತಿಗಳು ಉದುರಿಹೋಗುತ್ತವೆ. ಗೆಳತಿಗೆ ಮೊದಲು ಹೊಳೆದದ್ದು ಅವನು ಶಾಲೆಯಲ್ಲಿ ಪಡೆದ ಬಹುಮಾನ. ಆದರೆ ಆ ವಿಷಯ ಅವನಿಗೆ ಮೊದಲಿಂದಲೂ ಸಲೀಸು, ಈಗಿನ ಕಷ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಅವಳು ಅಜ್ಜಿ ಆಸ್ಪತ್ರೆಯಲ್ಲಿದ್ದ ದಿನಗಳನ್ನು ನೆನಪು ಮಾಡಿಕೊಂಡಳು. ಹದಿನೇಳರ ಹುಡುಗ ಮೊದಲ ದಿನ ತಪ್ಪು ಕೌಂಟರಿನ ಸಾಲಿನಲ್ಲಿ ನಿಂತು ಬೈಸಿಕೊಂಡಿದ್ದ. ಆ ರಾತ್ರಿ ಸ್ಕ್ಯಾನಿಂಗ್ ಕವರಿನ ಹಿಂಬದಿಗೆ ಯಾವ ಮಹಡಿ, ಯಾವ ಕೌಂಟರ್, ಯಾವ ಚೀಟಿ ಎಂದು ಬರೆದುಕೊಂಡ. ಮೂರನೇ ದಿನಕ್ಕೆ ಪಕ್ಕದ ಹಾಸಿಗೆಯವರು ಅವನನ್ನು ದಾರಿ ಕೇಳುತ್ತಿದ್ದರು. ಗುರುತಿಲ್ಲದ ಕಟ್ಟಡ, ಗುರುತಿಲ್ಲದ ಜನ, ಯಾರೂ ಬಿಡಿಸಿ ಹೇಳದ ನಿಯಮಗಳು: ಹೊಸ ಆಫೀಸಿಗೆ ಇದಕ್ಕಿಂತ ಹತ್ತಿರದ ಘಟನೆ ಸಿಗುವುದು ಕಷ್ಟ.

'ನೀನು ಬುದ್ಧಿವಂತ' ಎಂದು ಬರೆಯುವ ಆಸೆಯನ್ನು ತಡೆದುಕೊಳ್ಳಿ. ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟು, ಕೆಲವರನ್ನು ಬುದ್ಧಿವಂತರೆಂದು, ಇನ್ನು ಕೆಲವರನ್ನು ಚೆನ್ನಾಗಿ ಪ್ರಯತ್ನಪಟ್ಟಿರೆಂದು ಹೊಗಳಿದರು. ಆಮೇಲೆ ಕಷ್ಟದ ಲೆಕ್ಕ ಬಂದು ಸೋತಾಗ, ಬುದ್ಧಿವಂತರೆಂದು ಹೊಗಳಿಸಿಕೊಂಡವರೇ ಬೇಗ ಆಸಕ್ತಿ ಕಳೆದುಕೊಂಡರು. ಅವರು ಮಕ್ಕಳು, ನಿಮ್ಮ ತಮ್ಮ ದೊಡ್ಡವನು, ಎಲ್ಲವೂ ಹಾಗೇ ಅನ್ವಯಿಸಬೇಕಿಲ್ಲ. ಆದರೂ ಕಾರಣ ಸುಲಭವಾಗಿ ಅರ್ಥವಾಗುವಂಥದ್ದು. ಬುದ್ಧಿ ಇರುವುದರಿಂದ ಗೆದ್ದೆ ಎಂದು ನಂಬಿದವನಿಗೆ ಸೋತ ದಿನ ಬುದ್ಧಿ ಇಲ್ಲವೇನೋ ಅನ್ನಿಸುತ್ತದೆ. ಬರೆದಿಟ್ಟುಕೊಂಡು, ಕೇಳಿ ದಾಟಿದೆ ಎಂದು ಗೊತ್ತಿದ್ದವನು ಮತ್ತೆ ಬರೆದಿಟ್ಟುಕೊಳ್ಳುತ್ತಾನೆ.

ಹಂತ 4: ಕರಡು ಬರೆಯಿರಿ, ಆಮೇಲೆ ಒಂದೊಂದೇ ಸಾಲನ್ನು ಪರೀಕ್ಷಿಸಿ

ಗೆಳತಿಯ ಮೊದಲ ಕರಡು ಹೀಗಿತ್ತು:

> ಪ್ರೀತಿಯ ತಮ್ಮನಿಗೆ ಅಕ್ಕನ ಶುಭ ಹಾರೈಕೆಗಳು. ನೀನು ಹೊಸ ಊರಿನಲ್ಲಿ ಕ್ಷೇಮವಾಗಿರುವೆ ಎಂದು ಭಾವಿಸುತ್ತೇನೆ. ನೀನು ಚಿಕ್ಕಂದಿನಿಂದಲೂ ಬುದ್ಧಿವಂತ, ನಿನಗೆ ಯಾವುದೂ ಕಷ್ಟವಲ್ಲ. ಅಪ್ಪ ಅಮ್ಮ ನಿನ್ನ ಮೇಲೆ ಬಹಳ ಆಸೆ ಇಟ್ಟುಕೊಂಡಿದ್ದಾರೆ. ಯಾವುದಕ್ಕೂ ಹೆದರಬೇಡ. ಎಲ್ಲರ ಜೊತೆ ಹೊಂದಿಕೊಂಡು ಹೋಗು, ಕಷ್ಟಪಟ್ಟು ದುಡಿ. ಏನಾದರೂ ಬೇಕಾದರೆ ಸಂಕೋಚವಿಲ್ಲದೆ ಕೇಳು.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಇದನ್ನು ಯಾವ ಅಕ್ಕ ಬೇಕಾದರೂ ಯಾವ ತಮ್ಮನಿಗೆ ಬೇಕಾದರೂ ಕಳಿಸಬಹುದು. ನಾನು ಅವಳಿಗೆ ಹೇಳಿದ ಪರೀಕ್ಷೆ ಇಷ್ಟೇ: ಒಂದೊಂದು ಸಾಲಿಗೂ ಬೆರಳಿಟ್ಟು, "ಇದನ್ನು ಪಕ್ಕದ ಮನೆಯ ಹುಡುಗನಿಗೂ ಬರೆಯಬಹುದಾ?" ಎಂದು ಕೇಳಿಕೊ. ಬರೆಯಬಹುದಾದರೆ ಹೊಡೆದುಹಾಕು. ಅವಳು ಹೊಡೆಯುತ್ತಾ ಹೋದಳು, ಹೆಸರು ಬಿಟ್ಟು ಏನೂ ಉಳಿಯಲಿಲ್ಲ. ಸ್ವಲ್ಪ ಮುನಿಸಿಕೊಂಡಳು ಕೂಡ.

ಹೊಡೆದುಹಾಕಿದ ಎರಡು ಸಾಲುಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು.

"ಅಪ್ಪ ಅಮ್ಮ ನಿನ್ನ ಮೇಲೆ ಆಸೆ ಇಟ್ಟುಕೊಂಡಿದ್ದಾರೆ" ಎಂಬುದು ಬರೆಯುವವರಿಗೆ ಪ್ರೋತ್ಸಾಹ, ಓದುವವನಿಗೆ ಹೊರೆ. ಅದನ್ನು ಓದಿದ ಮೇಲೆ ಅವನು ಮನೆಗೆ ಕಷ್ಟ ಹೇಳಿಕೊಳ್ಳುವುದನ್ನೇ ನಿಲ್ಲಿಸುತ್ತಾನೆ. ಮನೆಯ ಸಾಲ, ಓದಿಸಲು ಪಟ್ಟ ಪಾಡು, ನೆಂಟರ ಮಗ ಎಷ್ಟು ಸಂಪಾದಿಸುತ್ತಾನೆ ಎಂಬ ಸುದ್ದಿ ಎಲ್ಲವೂ ಇದೇ ಜಾತಿ. ಅವನಿಗೆ ಅವೆಲ್ಲ ಗೊತ್ತೇ ಇದೆ. ಮನೆಯ ಹಣದ ಬಗ್ಗೆ ನಿಜವಾಗಿ ಮಾತಾಡಬೇಕಿದ್ದರೆ ಫೋನಿನಲ್ಲಿ ಬೇರೆ ದಿನ ಮಾತಾಡಿ, ಈ ಕಾಗದದೊಳಗೆ ತರಬೇಡಿ.

"ಏನಾದರೂ ಬೇಕಾದರೆ ಕೇಳು" ಎಂಬುದು ಒಳ್ಳೆಯ ಮನಸ್ಸಿನಿಂದ ಬಂದ ಮಾತು, ಆದರೆ ಕೆಲಸಕ್ಕೆ ಸೇರಿದ ಹುಡುಗ ಕೇಳುವುದಿಲ್ಲ. ಸಂಪಾದಿಸಲು ಹೋದವನು ಮನೆಗೆ ಕೈಚಾಚುವುದು ಹೇಗೆ? ಅವನಿಗೆ ಹಣದ ಮುಗ್ಗಟ್ಟು ಬರುವುದು ಮಾತ್ರ ಈ ಮೊದಲ ತಿಂಗಳಿನಲ್ಲೇ. ತಿಂಗಳ ಸಂಬಳ ಸಾಮಾನ್ಯವಾಗಿ ದುಡಿದ ಮೇಲೆ ತಿಂಗಳ ಕೊನೆಗೆ ಬರುತ್ತದೆ. ಆ ತಿಂಗಳ ಸಂಬಳದ ಪಟ್ಟಿ ಮುಚ್ಚಿದ ಮೇಲೆ ಸೇರಿದ್ದರೆ, ಎಷ್ಟೋ ಕಡೆ ಆ ದಿನಗಳ ಹಣವೂ ಮುಂದಿನ ತಿಂಗಳ ಸಂಬಳದ ಜೊತೆಗೇ ಕೈಗೆ ಬರುವುದು. ಹಾಗಾದರೆ ಒಂದೂವರೆ ತಿಂಗಳು ಕೈ ಖಾಲಿ. ರೂಮಿನ ಮುಂಗಡ, ಹಾಸಿಗೆ, ಓಡಾಟದ ಖರ್ಚು ಮಾತ್ರ ಮೊದಲ ದಿನದಿಂದಲೇ ಶುರು. ಆದ್ದರಿಂದ ಕೇಳು ಎನ್ನಬೇಡಿ. ನಿಮ್ಮಿಂದ ಸಾಧ್ಯವಿದ್ದರೆ ಎಷ್ಟು, ಯಾವ ತಾರೀಖಿಗೆ, ಹಿಂದಿರುಗಿಸುವುದು ಯಾವಾಗ ಎಂದು ನೀವೇ ಬರೆಯಿರಿ. ಬೇಡ ಎನ್ನುವ ಕೆಲಸ ಅವನಿಗಿರಲಿ. ಸಾಧ್ಯವಿಲ್ಲದಿದ್ದರೆ ಆ ಸಾಲನ್ನು ಬಿಟ್ಟುಬಿಡಿ, ಉಳಿಸಲಾಗದ ಮಾತಿಗಿಂತ ಮೌನ ಮೇಲು.

ಬುದ್ಧಿಮಾತಿಗೆ ಒಂದೇ ಒಂದಕ್ಕೆ ಜಾಗ ಕೊಡಿ. ಅದೂ ಅವನಾಡಿದ ಮಾತಿಗೆ ನೇರ ಉತ್ತರವಾಗಿರಬೇಕು, ನಾಳೆ ಬೆಳಿಗ್ಗೆ ಮಾಡಲು ಬರುವಂತಿರಬೇಕು. ಮೂರನೇ ಸಲ ಕೇಳಲು ನಾಚಿಕೆ ಎಂದವನಿಗೆ "ನಾಚಿಕೆ ಬೇಡ" ಎಂದರೆ ಪ್ರಯೋಜನವಿಲ್ಲ. ಹೇಗೆ ಕೇಳಿದರೆ ನಾಚಿಕೆಯಾಗದು ಎಂದು ಹೇಳಬೇಕು. ಎದುರಿಗಿನವರಿಗೆ ಬೇಸರ ಬರುವುದು ಕೇಳಿದ್ದನ್ನೇ ಬರಿಗೈಯಲ್ಲಿ ಬಂದು ಕೇಳಿದಾಗ. ಬರೆದುಕೊಂಡದ್ದನ್ನು ಮುಂದಿಟ್ಟು, ಎಲ್ಲಿಯವರೆಗೆ ಗೊತ್ತು ಎಂದು ತೋರಿಸಿ, ಸಿಕ್ಕಿಕೊಂಡ ಜಾಗವನ್ನಷ್ಟೇ ಕೇಳಿದರೆ ಅದೇ ಪ್ರಶ್ನೆ ಬೇರೆಯಾಗಿ ಕೇಳಿಸುತ್ತದೆ, ಉತ್ತರ ಹೇಳುವವರಿಗೂ ಅರ್ಧ ನಿಮಿಷ ಸಾಕು.

ಅವಳು ಕೊನೆಗೆ ಕಳಿಸಿದ ಕಾಗದ ಇದು:

> ಪುಟ್ಟಾ,
>
> ಹೋದ ಭಾನುವಾರ ನೀನು ಒಂದು ಮಾತು ಅಂದೆ. "ಮೂರನೇ ಸಲ ಕೇಳೋಕೆ ನಾಚಿಕೆ ಆಗುತ್ತೆ ಕಣೇ ಅಕ್ಕ" ಅಂತ. ಅಮ್ಮ ಪಕ್ಕದಲ್ಲೇ ಇದ್ರು, ಅದಕ್ಕೆ ನಾನು ಆಗ ಏನೂ ಅನ್ನಲಿಲ್ಲ.
>
> ಅಜ್ಜಿ ಸೊಂಟ ಮುರಿದುಕೊಂಡು ಆಸ್ಪತ್ರೇಲಿದ್ದಾಗ ನಿನಗೆ ಹದಿನೇಳು. ಮೊದಲ ದಿನ ಔಷಧಿ ಚೀಟಿ ಹಿಡ್ಕೊಂಡು ತಪ್ಪು ಸಾಲಲ್ಲಿ ನಿಂತಿದ್ದೆ. ನಿನ್ನ ಸರದಿ ಬಂದಾಗ ಆ ಮನುಷ್ಯ "ವಾರ್ಡಿನ ಸೀಲು ಬೇಕು, ಅಷ್ಟೂ ಗೊತ್ತಿಲ್ವಾ" ಅಂದ. ಸೀಲು ಹಾಕಿಸ್ಕೊಂಡು ಬರೋಷ್ಟರಲ್ಲಿ ಕೌಂಟರು ಮುಚ್ಚಿತ್ತು. ಆ ರಾತ್ರಿ ನಾನು ಬಂದಾಗ ನೀನು ಸ್ಕ್ಯಾನಿಂಗ್ ಕವರಿನ ಹಿಂದೆ ಏನೋ ಬರೀತಾ ಕೂತಿದ್ದೆ. ಯಾವ ಮಹಡಿ, ಯಾವ ಕೌಂಟರು, ಎಷ್ಟು ಗಂಟೆಗೆ ತೆಗೀತಾರೆ, ಜೊತೆಗೆ ಯಾವ ಕಾಗದ ಇರಬೇಕು. ನರ್ಸಿಗೆ ಒಂದೇ ಪ್ರಶ್ನೇನ ಎರಡು ಸಲ ಕೇಳಿದೆ, ನಾನು ನೋಡ್ತಿದ್ದೆ. ಎರಡನೇ ಸಲ ಕೇಳುವಾಗ ಕೈಯಲ್ಲಿ ಪೆನ್ನಿತ್ತು. ಮೂರನೇ ದಿನ ಪಕ್ಕದ ಹಾಸಿಗೆ ಅಜ್ಜನ ಮಗ ಬಂದು ಬಿಲ್ಲು ಎಲ್ಲಿ ಕಟ್ಟೋದು ಅಂತ ನಿನ್ನನ್ನ ಕೇಳ್ತಿದ್ದ. ಅವನಿಗೆ ನಿನ್ನ ಎರಡರಷ್ಟು ವಯಸ್ಸು.
>
> ಈಗ ನೀನಿರೋದೂ ಅಂಥದ್ದೇ ಜಾಗ ಅನ್ಸುತ್ತೆ ನನಗೆ. ಎಲ್ಲರಿಗೂ ದಾರಿ ಗೊತ್ತು, ಯಾರಿಗೂ ಹೇಳೋಷ್ಟು ಪುರುಸೊತ್ತಿಲ್ಲ. ಅಲ್ಲಿ ಮೂರು ದಿನಕ್ಕೆ ಆಗಿದ್ದು ಇಲ್ಲಿ ಮೂರು ತಿಂಗಳು ಹಿಡೀಬಹುದು. ನಿಮ್ಮ ಬಿಲ್ಲುಗಳ ವಿಷಯ ನನಗೆ ಗೊತ್ತಿಲ್ಲ. ನೀನು ಗೊತ್ತು.
>
> ಮೂರನೇ ಸಲ ಕೇಳಬೇಕಾದಾಗ ಬರ್ಕೊಂಡಿದ್ದನ್ನ ಅವರ ಮುಂದೆ ಇಟ್ಟು ಕೇಳು. "ಇಲ್ಲಿವರೆಗೆ ಅರ್ಥ ಆಯ್ತು, ಈ ಒಂದು ಕಡೆ ಸಿಕ್ಕೊಂಡಿದೀನಿ" ಅನ್ನು.
>
> ಸಂಬಳ ಮುಂದಿನ ತಿಂಗಳ ಕೊನೆಗೇ ಅಂತ ಅಮ್ಮನಿಗೆ ಹೇಳ್ತಿದ್ದಿದ್ದು ಕೇಳಿಸ್ತು. 15ನೇ ತಾರೀಖು ನಿನ್ನ ಖಾತೆಗೆ ಒಂದು ತಿಂಗಳ ಬಾಡಿಗೆಯಷ್ಟು ಹಾಕ್ತೀನಿ. ಬೇಡದಿದ್ರೆ ಮೊದಲೇ ಹೇಳು. ಮೂರನೇ ಸಂಬಳ ಬಂದ ಮೇಲೆ ವಾಪಸ್ ಕೊಡು, ಅದಕ್ಕೆ ಮುಂಚೆ ಕೊಟ್ರೆ ತಗೊಳ್ಳಲ್ಲ.
>
> ಆ ಕವರು ಇನ್ನೂ ಅಜ್ಜಿ ಫೈಲಿನಲ್ಲೇ ಇತ್ತು. ಫೋಟೋ ತೆಗೆದು ಇದರ ಜೊತೆ ಇಟ್ಟಿದೀನಿ. ನಿನ್ನ ಅಕ್ಷರ ಆಗಲೂ ಇಷ್ಟೇ ಕೆಟ್ಟದಾಗಿತ್ತು. ಬೆಕ್ಕು ಮೂರು ಮರಿ ಹಾಕಿದೆ, ನಿನ್ನ ಹಳೇ ಶರ್ಟಿನ ಮೇಲೇ. ಇದಕ್ಕೆ ಉತ್ತರ ಬರೀಬೇಕು ಅಂತೇನಿಲ್ಲ.
>
> ಅಕ್ಕ

ಗಮನಿಸಿ, "ಎಲ್ಲ ಬೇಗ ಸರಿಹೋಗುತ್ತದೆ" ಎಂದು ಎಲ್ಲೂ ಇಲ್ಲ. ಮೂರು ತಿಂಗಳು ಹಿಡಿಯಬಹುದು ಎಂದಿದೆ. ಅವನ ಕೆಲಸ ನಮಗೆ ಗೊತ್ತಿಲ್ಲದಿರುವಾಗ ಅದು ಸುಲಭ ಎಂದು ಬರೆದರೆ, ಅದೊಂದು ಸಾಲಿನಿಂದ ಮಿಕ್ಕ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ನಡುವೆ ಬಂದ ಬೆಕ್ಕು, ಕೆಟ್ಟ ಅಕ್ಷರದ ಕೀಟಲೆಗಳೂ ಸುಮ್ಮನೆ ಬಂದವಲ್ಲ. ಪೂರ್ತಿ ಗಂಭೀರವಾದ ಕಾಗದ ಬಂದರೆ ತನ್ನ ಬಗ್ಗೆ ಮನೆಯಲ್ಲಿ ಎಲ್ಲರೂ ಚಿಂತೆಗೆ ಬಿದ್ದಿದ್ದಾರೆ ಎಂದು ಅವನು ಗಾಬರಿಯಾಗುತ್ತಾನೆ.

ಹಂತ 5: ಮಾತಿನ ಧಾಟಿ ನೋಡಿ

ಬರೆದದ್ದನ್ನು ಜೋರಾಗಿ ಓದಿಕೊಳ್ಳಿ. ಮನೆಯಲ್ಲಿ ಅವನ ಜೊತೆ ಆಡದ ಮಾತು ಎಲ್ಲಿ ಬಂದರೂ ನಾಲಿಗೆ ತಡವರಿಸುತ್ತದೆ. ಕಾಗದ ಎಂದ ಕೂಡಲೇ ನಮ್ಮ ಕೈ ಶಾಲೆಯ ಪತ್ರಲೇಖನದ ಕಡೆ ವಾಲುತ್ತದೆ, 'ಭಾವಿಸುತ್ತೇನೆ', 'ಹಾರೈಸುತ್ತೇನೆ' ಎಂದು. ನೀವು 'ಕಣೋ' ಅನ್ನುವ ಮನೆಯವರಾದರೆ 'ಕಣೋ' ಎಂದೇ ಬರೆಯಿರಿ, 'ಮಾರಾಯ' ಅನ್ನುವವರಾದರೆ ಅದೇ ಇರಲಿ. ದೂರದ ಊರಿನಲ್ಲಿ ದಿನವಿಡೀ ಬೇರೆ ಧಾಟಿಯ ಮಾತು ಕೇಳುವವನಿಗೆ ಮನೆಯ ಧಾಟಿ ಕಾಗದದಲ್ಲಿ ಸಿಗಲಿ. ಉದ್ದ ಒಂದು ಹಾಳೆಯ ಎರಡೂ ಬದಿ ಮೀರದಿದ್ದರೆ ಒಳ್ಳೆಯದು. ಅದಕ್ಕಿಂತ ಹೆಚ್ಚಾಗಿದ್ದರೆ ಬುದ್ಧಿಮಾತು ಎಲ್ಲೋ ನುಸುಳಿದೆ ಎಂದರ್ಥ.

ಹಂತ 6: ಕಳಿಸಿ

ಸಾಧ್ಯವಾದರೆ ಕೈಬರಹದಲ್ಲೇ ಕಳಿಸಿ, ಮೊಬೈಲಿಗೆ ಬಂದದ್ದು ನೂರು ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ಆಫೀಸಿನ ವಿಳಾಸಕ್ಕೆ ಬೇಡ. ಹೊಸಬನ ಹೆಸರು ಅಲ್ಲಿ ಟಪಾಲು ತೆಗೆದುಕೊಳ್ಳುವವರಿಗೆ ಗೊತ್ತಿರುವುದಿಲ್ಲ, ನಾಲ್ಕು ಜನರ ಎದುರು ಒಡೆಯಬೇಕಾಗಿಯೂ ಬರಬಹುದು. ರೂಮಿನ ವಿಳಾಸಕ್ಕೆ ಕಳಿಸುವಾಗ ಮನೆ ಯಜಮಾನರದ್ದೋ ಹಾಸ್ಟೆಲಿನದ್ದೋ ಹೆಸರು, ಮಹಡಿ, ರೂಮ್ ನಂಬರು, ಅವನ ಫೋನ್ ನಂಬರು ಎಲ್ಲವೂ ಇರಲಿ. ವಿಳಾಸವನ್ನು "ಒಂದು ಪಾರ್ಸಲ್ ಕಳಿಸ್ಬೇಕು" ಎಂದು ಕೇಳಿ ಪಡೆದರೆ ಸಾಕು, ಕಾಗದ ಎಂದು ಹೇಳಬೇಕಿಲ್ಲ.

ಕವರು ಅಂಟಿಸಿದ ಮೇಲೆ ಎಷ್ಟೋ ಜನರಿಗೆ ಕೈ ಹಿಂಜರಿಯುತ್ತದೆ. ಇದೇನು ನಾಟಕ ಎಂದು ನಕ್ಕಾನೋ, ಮುಜುಗರ ಪಟ್ಟಾನೋ ಎಂದು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲೆ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಜ್ಞತೆಯ ಪತ್ರ ಬರೆದವರನ್ನು 'ಓದಿದವರಿಗೆ ಹೇಗನ್ನಿಸೀತು' ಎಂದು ಕೇಳಿ, ಓದಿದವರನ್ನೂ ಕೇಳಿ ತಾಳೆ ನೋಡಿದರು. ಬರೆದವರು ಓದುಗನ ಮುಜುಗರವನ್ನು ಇದ್ದದ್ದಕ್ಕಿಂತ ಹೆಚ್ಚಾಗಿ, ಸಂತೋಷವನ್ನು ಇದ್ದದ್ದಕ್ಕಿಂತ ಕಡಿಮೆಯಾಗಿ ಊಹಿಸಿದ್ದರು. ಅದು ಕೃತಜ್ಞತೆಯ ಪತ್ರಗಳ ಮಾತು, ಆದರೆ ಅಂಚೆ ಡಬ್ಬಿಯ ಮುಂದಿನ ಹಿಂಜರಿಕೆ ಎರಡಕ್ಕೂ ಒಂದೇ.

ಹಂತ 7: ಆಮೇಲೆ ಸುಮ್ಮನಿರಿ, ಆದರೆ ಕಿವಿ ತೆರೆದಿರಲಿ

"ಕಾಗದ ಬಂತಾ, ಓದಿದ್ಯಾ, ಹೇಗನ್ನಿಸ್ತು" ಎಂದು ಕೇಳಬೇಡಿ. ಕೇಳಿದರೆ ಅವನು ಹೊಗಳಿ ಒಪ್ಪಿಸಬೇಕಾಗುತ್ತದೆ, ಅದು ಅವನ ಪಾಲಿಗೆ ಇನ್ನೊಂದು ಕೆಲಸ. ತಮ್ಮಂದಿರು ಬಹಳಷ್ಟು ಜನ ಕಾಗದದ ಬಗ್ಗೆ ಒಂದು ಮಾತೂ ಆಡುವುದಿಲ್ಲ, ಬೆಕ್ಕಿನ ಮರಿಯ ಬಗ್ಗೆ ಕೇಳುತ್ತಾರೆ. ತಲುಪಿದೆ ಎಂಬುದಕ್ಕೆ ಅಷ್ಟು ಸಾಕು.

ಕೆಲಸ ಮಾಡಿದೆಯೋ ಇಲ್ಲವೋ ಎಂಬುದು ಅವನ ಮಾತಿನ ವಿವರಗಳಿಂದ ತಿಳಿಯುತ್ತದೆ. ಮೊದಲು "ಎಲ್ಲ ಚೆನ್ನಾಗಿದೆ" ಎನ್ನುತ್ತಿದ್ದವನು "ಇವತ್ತು ಒಂದು ಬಿಲ್ಲಲ್ಲಿ ತೂಕ ತಪ್ಪಾಗಿ ಹಾಕಿಬಿಟ್ಟಿದ್ದೆ, ಮ್ಯಾನೇಜರ್ ಬೈದ್ರು" ಎಂದು ಹೇಳಿಕೊಂಡರೆ ಒಳ್ಳೆಯ ಸೂಚನೆ. ಕಷ್ಟ ಹೆಚ್ಚಾಯಿತು ಎಂದು ಗಾಬರಿಯಾಗಬೇಡಿ, ಹೇಳಿಕೊಳ್ಳಲು ಜಾಗ ಸಿಕ್ಕಿದೆ. ಗೆಳತಿಯ ತಮ್ಮ ಎರಡು ವಾರದ ಮೇಲೆ, ತಾನು ಬರೆದಿಟ್ಟುಕೊಂಡ ಪುಸ್ತಕವನ್ನು ಪಕ್ಕದ ಮೇಜಿನವರು ಎರವಲು ಕೇಳಿದರು ಎಂದು ಸುಮ್ಮನೆ ಹೇಳಿದನಂತೆ.

ಎರಡು ಸಂದರ್ಭಗಳಲ್ಲಿ ಮಾತ್ರ ಇಂಥ ಕಾಗದ ಸರಿಯಾದ ಮದ್ದಲ್ಲ. ಒಂದು, ತಪ್ಪು ಅವನಲ್ಲಿ ಇಲ್ಲದೆ ಕೆಲಸದ ಜಾಗದಲ್ಲೇ ಇದ್ದಾಗ. ಹೇಳಿದ ಸಂಬಳ ಕೊಡುತ್ತಿಲ್ಲ, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡು ಹಿಂದಿರುಗಿಸುತ್ತಿಲ್ಲ, ಕೈ ಮಾಡುತ್ತಾರೆ, ಅವಮಾನಿಸುವುದೇ ರೂಢಿ ಎಂದಾದರೆ ಅವನಿಗೆ ಬೇಕಿರುವುದು ಸಹಿಸಿಕೊಳ್ಳುವ ಧೈರ್ಯ ಅಲ್ಲ, ಹೊರಬರುವ ದಾರಿ. ಅಂಥಲ್ಲಿ "ಎಲ್ಲ ಕಡೆ ಮೊದಮೊದಲು ಹೀಗೇ" ಎಂದು ಅಕ್ಕ ಬರೆದರೆ, ಬಿಟ್ಟು ಬರಬೇಕೆಂದಿದ್ದವನು ಇನ್ನಷ್ಟು ತಿಂಗಳು ಅಲ್ಲೇ ಸವೆಯುತ್ತಾನೆ. ಆಗ ಬರೆಯಬೇಕಾದ ಸಾಲು "ಬಿಟ್ಟು ಬಂದರೆ ಮನೇಲಿ ನಾನು ಮಾತಾಡ್ತೀನಿ" ಎಂಬುದು. ಬರೆದ ಮೇಲೆ ಮಾತಾಡಲೇಬೇಕು.

ಇನ್ನೊಂದು, ಬೇಸರ ಬೇಸರವಾಗಿಯೇ ಉಳಿಯದೆ ಮೈಗಿಳಿದಾಗ. ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಮೊದಲು ಇಷ್ಟವಿದ್ದದ್ದರಲ್ಲೂ ಮನಸ್ಸಿಲ್ಲ ಎಂದಾದರೆ ವೈದ್ಯರನ್ನು ಕಾಣಬೇಕು. ಫೋನನ್ನೇ ಎತ್ತದಿದ್ದರೆ, ಅಥವಾ "ನಾನಿಲ್ಲದಿದ್ರೆ ಎಲ್ಲರಿಗೂ ಆರಾಮ" ಎನ್ನುವಂಥ ಮಾತು ಒಂದು ಸಲ ಬಂದರೂ, ಎರಡು ವಾರ ಕಾಯಬೇಡಿ. ಅಲ್ಲಿರುವ ಅವನ ಗೆಳೆಯರಿಗೆ ಅಂದೇ ಫೋನ್ ಮಾಡಿ ಒಬ್ಬರು ಅವನ ಜೊತೆಗಿರುವಂತೆ ನೋಡಿಕೊಳ್ಳಿ, ಆ ಕೂಡಲೇ ವೈದ್ಯರ ಸಹಾಯ ಸಿಗುವಂತೆ ಮಾಡಿ, ಸಿಕ್ಕ ಮೊದಲ ಬಸ್ಸೋ ರೈಲೋ ಹತ್ತಿ ನೀವೇ ಹೋಗಿ.